ವಾಪಸು ಬರುವ ನಾಲ್ಕು ಮೀಟರ್

"ನಾನು ಮುಟ್ಟಿದ್ದೆ ಸರ್, ಆಮೇಲೂ ಔಟ್ ಕೊಟ್ರು." ತಾಲ್ಲೂಕು ಮಟ್ಟದ ಪಂದ್ಯ ಮುಗಿಸಿ ಬಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಹೇಳಿದ ಮಾತಿದು. ಅವಳು ಮುಟ್ಟಿದ್ದು ನಿಜ. ಎಡ ಮೂಲೆಯ ಆಟಗಾರ್ತಿಯ ಮುಂಗೈಗೆ ಅವಳ ಬೆರಳು ತಗುಲಿದ್ದನ್ನು ಗೆರೆಯಾಚೆ ನಿಂತಿದ್ದ ನಾನೂ ನೋಡಿದ್ದೆ. ಆದರೆ ಮುಟ್ಟಿದ ಮರುಕ್ಷಣ ಅವಳು ಅಂಪೈರ್ ಮುಖ ನೋಡಿದಳು. ಅರೆ ಕ್ಷಣ ಕಾಲು ನಿಂತಿತು. ಅಷ್ಟರಲ್ಲಿ ನಡುವಿನ ಮೂವರು ಕೈ ಕೈ ಹಿಡಿದು ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿದ್ದರು. ಮಧ್ಯದ ಗೆರೆಗೆ ಒಂದು ಗೇಣು ದೂರದಲ್ಲಿ ಅವಳ ಕಬಡ್ಡಿ ಉಸಿರು ನಿಂತುಹೋಯಿತು.

ಸುಮಾರಾಗಿ ಪ್ರತಿ ಶಾಲಾ ತಂಡದಲ್ಲೂ ರೈಡರ್ ಎಡವುವುದು ಇಲ್ಲಿಯೇ. ಮಕ್ಕಳಿಗೆ ನಾವು ಮೊದಲು ಮುಟ್ಟುವುದನ್ನು ಕಲಿಸುತ್ತೇವೆ. ಆಟದ ನಿಯಮವಾದರೋ ಮುಟ್ಟಿದ್ದಕ್ಕಷ್ಟೇ ಅಂಕ ಕೊಡುವುದಿಲ್ಲ. ಮುಟ್ಟಿ, ಉಸಿರು ಬಿಡದೆ ಸ್ವಂತ ಅಂಕಣಕ್ಕೆ ಮರಳಿದರೆ ಮಾತ್ರ ಕೊಡುತ್ತದೆ. ಹಾಗಾಗಿ ನಾನು ಪಾಠವನ್ನು ತಿರುವುಮುರುವು ಮಾಡಿದೆ. ಮೊದಲು ವಾಪಸು ಬರುವುದು, ಆಮೇಲೆ ಮುಟ್ಟುವುದು.

ಹುಡುಗಿಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಎರಡೂ ಬದಿಯಲ್ಲಿ ಒಂದೊಂದು ಮೀಟರ್ ಲಾಬಿ. ಮುಟ್ಟುವ ತನಕ ಲಾಬಿಗೆ ಕಾಲಿಡುವಂತಿಲ್ಲ, ಆದ್ದರಿಂದ ಆಟಕ್ಕೆ ಸಿಗುವ ಅಗಲ ಆರೇ ಮೀಟರ್. ಎದುರಾಳಿಯ ಅರ್ಧದಲ್ಲಿ ಮಧ್ಯದ ಗೆರೆಯಿಂದ 3 ಮೀಟರ್ ಒಳಗೆ ಬಾಕ್ ಲೈನ್ ಇದೆ, ಇನ್ನೂ 1 ಮೀಟರ್ ಆಚೆ ಬೋನಸ್ ಗೆರೆ. ಅಂದರೆ ಬೋನಸ್ ಗೆರೆಯಿಂದ ಮನೆಗೆ ಇರುವ ದಾರಿ ನಾಲ್ಕು ಮೀಟರ್. ಎಂಟನೆಯ ತರಗತಿಯ ಹುಡುಗಿಗೆ ಅದು ಮೂರು ಹೆಜ್ಜೆ ಮತ್ತು ಒಂದು ಚಾಚಿದ ಕೈ.

ಮೊದಲ ವಾರ ಎದುರಾಳಿಯೇ ಇಲ್ಲ. ರೈಡರ್ ಬೋನಸ್ ಗೆರೆಯ ಮೇಲೆ ಮೂಲೆಗೆ ಮುಖ ಮಾಡಿ, ಮಂಡಿ ಬಗ್ಗಿಸಿ, ಕಬಡ್ಡಿ ಕಬಡ್ಡಿ ಅನ್ನುತ್ತ ನಿಲ್ಲಬೇಕು. ಸೀಟಿ ಊದಿದ ಕೂಡಲೇ ಮುಂಗಾಲಿನಿಂದ ನೆಲ ಒದ್ದು ಹಿಂದಕ್ಕೆ ಬರಬೇಕು. ಮೊದಲ ಎರಡು ಹೆಜ್ಜೆ ಎದುರಾಳಿಯ ಕಡೆಗೆ ಮುಖವಿಟ್ಟೇ ಜಾರಬೇಕು, ಮೂರನೆಯದರಲ್ಲಿ ಮಾತ್ರ ತಿರುಗಿ ಗೆರೆಯತ್ತ ಕೈ ಚಾಚಬಹುದು. ಉಸಿರು ಬಿಡದೆ ದೇಹದ ಯಾವ ಭಾಗ ಸ್ವಂತ ಅಂಕಣಕ್ಕೆ ತಾಕಿದರೂ ಸಾಕು; ಬೆರಳ ತುದಿಯಾದರೂ ಆದೀತು. ಇದನ್ನು ಮಕ್ಕಳು ನಂಬುವುದಕ್ಕೇ ಎರಡು ದಿನ ಬೇಕಾಯಿತು. ಎದ್ದು ಓಡುವುದೇ ವಾಪಸಾತಿ ಎಂದು ಅವರು ತಿಳಿದಿದ್ದರು.

ಎರಡನೆಯ ವಾರ ಕೈಯ ಪಾಠ. ಬಲಗಾಲು ಮುಂದಿದ್ದರೆ ಬಲಗೈಯೇ ಮುಂದೆ ಹೋಗಬೇಕು. ಒಂದೇ ಬದಿಯ ಕೈಕಾಲು ಒಟ್ಟಿಗೆ ಹೋದಾಗ ಕೈ ಹೆಚ್ಚು ದೂರ ಎಟುಕುತ್ತದೆ, ಎದೆ ಎದುರಾಳಿಗೆ ಅಡ್ಡವಾಗಿ ತೆರೆದುಕೊಳ್ಳುವುದಿಲ್ಲ, ಹಿಂಗಾಲು ಮನೆಯ ಕಡೆಗೇ ಊರಿಕೊಂಡಿರುತ್ತದೆ. ಬಲಗಾಲು ಮುಂದಿಟ್ಟು ಎಡಗೈ ಚಾಚಿದವಳ ಸೊಂಟ ತಿರುಚಿಕೊಳ್ಳುತ್ತದೆ. ಆ ತಿರುಚು ಬಿಡಿಸಿಕೊಳ್ಳುವ ಹೊತ್ತಿಗೆ ಹಿಡಿಯುವವರು ಬಂದಾಗಿರುತ್ತದೆ.

ಬಗ್ಗಿ ಮುಟ್ಟುವಾಗ ಬಗ್ಗಬೇಕಾದದ್ದು ಮಂಡಿ, ಸೊಂಟವಲ್ಲ. ಇದನ್ನು ಅಳೆಯುವುದಕ್ಕೆ ಒಂದು ಸುಲಭ ಗುರುತಿದೆ: ತಲೆ ಮುಂಗಾಲಿನ ಮಂಡಿಯನ್ನು ದಾಟಬಾರದು. ದಾಟಿತೆಂದರೆ ಭಾರವೆಲ್ಲ ಮುಂದೆ ಬಿದ್ದಿದೆ, ಹಿಂದಕ್ಕೆ ಒದೆಯಲು ಕಾಲಲ್ಲಿ ಏನೂ ಉಳಿದಿಲ್ಲ ಎಂದು ಅರ್ಥ. ಮಣ್ಣಿನ ಅಂಕಣದಲ್ಲಿ ನೆಲವೇ ಸಾಕ್ಷಿ ಹೇಳುತ್ತದೆ. ಚೆನ್ನಾಗಿ ಮುಟ್ಟಿ ಬಂದವಳ ಮುಂಗಾಲಿನ ಗುರುತು ಚೊಕ್ಕವಾಗಿರುತ್ತದೆ, ಉಂಗುಷ್ಠದ ಬುಡದಲ್ಲಿ ಮಣ್ಣು ಮುಂದಕ್ಕೆ ತಳ್ಳಿಕೊಂಡಿರುತ್ತದೆ. ಮುಗ್ಗರಿಸಿದವಳದು ಉದ್ದಕ್ಕೆ ಎಳೆದ ಗೀರು. ನಾವು ಅಂಕಣಕ್ಕೆ ನೀರು ಚಿಮುಕಿಸಿ ಅಭ್ಯಾಸ ಶುರು ಮಾಡುತ್ತಿದ್ದೆವು. ದೂಳು ಅಡಗಿಸುವುದರ ಜೊತೆಗೆ ಈ ಗುರುತುಗಳನ್ನು ಓದಲೂ ಅದರಿಂದ ಅನುಕೂಲವಾಯಿತು.

ಮುಟ್ಟುವ ಜಾಗವೂ ಮುಖ್ಯ. ಹೊಸಬರು ಎದುರಾಳಿಯ ಎದೆ, ಭುಜಕ್ಕೆ ಕೈ ಹಾಕುತ್ತಾರೆ, ಅಂದರೆ ಪೂರಾ ಅವರ ತೋಳಿನೊಳಗೇ ಹೋಗುತ್ತಾರೆ. ಹಿಡಿಯಲು ಚಾಚಿದ ಕೈಯೇ ರೈಡರ್‌ಗೆ ಅತಿ ಹತ್ತಿರದ ಗುರಿ. ಆದ್ದರಿಂದ ಸುಮ್ಮನೆ ಕಾಲು ಮುಂದಿಟ್ಟು ಆಸೆ ತೋರಿಸಬೇಕು. ಮೂಲೆಯವಳು ಕಾಲಿಗೆ ಕೈ ಹಾಕಲು ಬಾಗಿದಾಗ ಕಾಲು ಹಿಂದೆಗೆದು ಆ ಕೈಯನ್ನೇ ತಟ್ಟಿ ಬರಬೇಕು. ಇದೆಲ್ಲಕ್ಕೂ ಇರುವ ಸಮಯ 30 ಸೆಕೆಂಡ್. ಅದರಲ್ಲಿ ಇಪ್ಪತ್ತನ್ನು ಆಸೆ ತೋರಿಸುವುದಕ್ಕೇ ಖರ್ಚು ಮಾಡಿದರೂ ನಷ್ಟವಿಲ್ಲ.

ಈಗ ಅಂಕಣದ ಆಚೆ ಬದಿಗೆ ಬರೋಣ. ಏಳು ಜನ ಇದ್ದಾಗ ನಾವು ನಿಲ್ಲಿಸುವುದು 2-3-2 ಸರಪಳಿ. ಎಡ ಮೂಲೆಯವಳು ಮತ್ತು ಅವಳ ಪಕ್ಕದ ಇನ್ ಆಟಗಾರ್ತಿ ಒಂದು ಜೋಡಿ; ಬಲಗಡೆ ಹಾಗೆಯೇ ಇನ್ನೊಂದು ಜೋಡಿ; ನಡುವೆ ಎಡ ಕವರ್, ಸೆಂಟರ್, ಬಲ ಕವರ್ ಮೂವರದು ಒಂದು ಸರಪಳಿ. ಮೂಲೆಯ ಜೋಡಿಯ ಕೆಲಸ ರೈಡರನ್ನು ಒಳಗೆ ಕರೆಯುವುದು ಮತ್ತು ಕಾಲು ಸಿಕ್ಕರೆ ಹಿಡಿಯುವುದು. ನಡುವಿನ ಮೂವರದು ದಾರಿ ಮುಚ್ಚುವ ಕೆಲಸ.

ಬೆರಳ ಸಂದಿಗೆ ಬೆರಳು ಸೇರಿಸಿ ಹೆಣೆಯಲು ನಾನು ಬಿಡುವುದಿಲ್ಲ. ರೈಡರ್ ರಭಸದಿಂದ ಬಂದು ಅಪ್ಪಳಿಸಿದರೆ ಹೆಣೆದ ಬೆರಳು ಬಿಡಿಸಿಕೊಳ್ಳಲಾಗದೆ ಉಳುಕುತ್ತದೆ. ಅಂಗೈಗೆ ಅಂಗೈ ಕೊಟ್ಟು ಬಿಗಿಯಾಗಿ ಹಿಡಿದರೆ ಸಾಕು. ಕೂಡಿಸಿದ ಕೈಗಳ ಎತ್ತರ ರೈಡರ್‌ನ ಸೊಂಟದಿಂದ ತೊಡೆಯ ನಡುವೆ ಇರಬೇಕು. ಕತ್ತಿನ ಮಟ್ಟಕ್ಕೆ ಏರಿದರೆ ಅದು ಅಪಾಯ. ಅಂಥ ಹಿಡಿತ ಕಂಡರೆ ನಾನು ಅಲ್ಲಿಯೇ ಸೀಟಿ ಊದಿ ಅಭ್ಯಾಸ ನಿಲ್ಲಿಸುತ್ತೇನೆ. ಹಿಡಿಯಲು ಅನುಮತಿ ಇರುವುದು ಕೈಕಾಲು ಮತ್ತು ಮುಂಡವನ್ನು ಮಾತ್ರ.

ಸರಪಳಿ ಮುರಿಯುವುದು ಸಾಮಾನ್ಯವಾಗಿ ಶಕ್ತಿ ಸಾಲದೆ ಅಲ್ಲ, ಯಾರು ಮೊದಲು ಹೊರಡಬೇಕೆಂದು ತಿಳಿಯದೆ. ರೈಡರ್ ಎಡ ಮೂಲೆಗೆ ಆಳವಾಗಿ ನುಗ್ಗಿದ್ದಾಳೆ ಅಂದುಕೊಳ್ಳಿ. ಅವಳಿಗೆ ಹತ್ತಿರ ಇರುವುದು ಎಡ ಕವರ್. ಸಹಜವಾಗಿ ಅವಳೇ ಮೊದಲು ಜಿಗಿಯುತ್ತಾಳೆ. ಉಳಿದಿಬ್ಬರು ಹಿಂದೆ ಉಳಿದು ಸರಪಳಿ ಎಳೆದುಕೊಂಡು ಕೈ ಕಳಚುತ್ತದೆ. ನಿಜಕ್ಕೂ ಮೊದಲು ಹೊರಡಬೇಕಾದವಳು ಅತಿ ದೂರದಲ್ಲಿರುವ ಬಲ ಕವರ್. ಬಾಗಿಲಿನ ತಿರುಗಣಿಯ ಕಡೆ ಇರುವ ಹಲಗೆ ಸ್ವಲ್ಪವೇ ಸರಿಯುತ್ತದೆ, ಚಿಲಕದ ಕಡೆಯದು ದೊಡ್ಡ ಸುತ್ತು ಹಾಕುತ್ತದೆ. ಹಾಗೆಯೇ ಬಲ ಕವರ್ ಓಡಿ ರೈಡರ್ ಮತ್ತು ಮಧ್ಯದ ಗೆರೆಯ ನಡುವೆ ಬರಬೇಕು, ಎಡ ಕವರ್ ಆ ತನಕ ತಡೆದು ನಿಲ್ಲಬೇಕು. ಸನ್ನೆಗಾಗಿ ಸೆಂಟರ್ ಎರಡೂ ಕೈಗಳನ್ನು ಒಮ್ಮೆ ಒತ್ತುತ್ತಾಳೆ. ಕೂಗಿ ಹೇಳಿದರೆ ರೈಡರ್‌ಗೂ ಕೇಳಿಸುತ್ತದಲ್ಲ!

ಹೊರಡುವ ಹೊತ್ತು ಯಾವುದು? ರೈಡರ್‌ನ ಕಾಲು ನೆಲ ಬಿಟ್ಟಾಗ, ಅಥವಾ ಮುಖ ಮೂಲೆಯ ಕಡೆ ತಿರುಗಿ ಸರಪಳಿ ಅವಳ ಕಣ್ಣಿಗೆ ಕಾಣದಿದ್ದಾಗ. ಅದಕ್ಕೂ ಮೊದಲು ಅರೆಮನಸ್ಸಿನಿಂದ ಒಬ್ಬಳು ನುಗ್ಗಿದರೆ ದುಬಾರಿ. ಸೆಣಸಾಟದಲ್ಲಿ ರೈಡರ್‌ಗೆ ತಗುಲಿದ ಪ್ರತಿಯೊಬ್ಬಳೂ, ರೈಡರ್ ತಪ್ಪಿಸಿಕೊಂಡು ಗೆರೆ ಮುಟ್ಟಿದರೆ, ಔಟ್. ಮೂವರ ಸರಪಳಿ ಸೋತರೆ ಮೂರು ಅಂಕ ಹೋಗಬಹುದು.

ಇನ್ನು ಬಿಡಿಸಿಕೊಳ್ಳುವ ವಿಚಾರ. ಪಾದದ ಕೀಲು ಹಿಡಿದಾಗ ಮಕ್ಕಳು ಕಾಲನ್ನು ನೇರವಾಗಿ ಎಳೆಯುತ್ತಾರೆ. ಅದು ಹಿಡಿದವಳ ಇಡೀ ಮೈತೂಕದ ವಿರುದ್ಧ ಎಳೆದಂತೆ. ಅದಕ್ಕೆ ಬದಲು ಅವಳ ಭುಜವನ್ನು ಅಂಗೈಯಿಂದ ಕೆಳಕ್ಕೆ ಒತ್ತಿ, ಹಿಡಿದ ಕಾಲನ್ನು ತಿರುಚುತ್ತ, ಬಿಡುವಾಗಿರುವ ಕಾಲಿನಿಂದ ಗೆರೆಯತ್ತ ಚಿಮ್ಮಬೇಕು. ಮಣಿಕಟ್ಟು ಹಿಡಿದರೆ ಹಿಡಿದವಳ ಹೆಬ್ಬೆರಳ ಕಡೆಗೆ ತಿರುಚಬೇಕು. ಯಾವ ಮುಷ್ಟಿಯೂ ಸಡಿಲವಾಗಿರುವುದು ಹೆಬ್ಬೆರಳೂ ಉಳಿದ ಬೆರಳೂ ಸೇರುವಲ್ಲಿ. ಸೊಂಟ ಸಿಕ್ಕರೆ ಕಾಲು ಅಗಲಿಸಿ ಕುಳಿತಂತೆ ತಗ್ಗಿ, ಆಮೇಲೆ ತಿರುಗಬೇಕು. ನೆಟ್ಟಗೆ ನಿಂತರೆ ಎತ್ತಿಕೊಂಡು ಹೋಗುತ್ತಾರೆ.

ಸರಪಳಿಯಿಂದ ಬಿಡಿಸಿಕೊಳ್ಳಲು ಇರುವ ದಾರಿ ಡುಬ್ಕಿ. ಪ್ರೊ ಕಬಡ್ಡಿಯಲ್ಲಿ ಪ್ರದೀಪ್ ನರ್ವಾಲ್ ಹೆಸರು ಮಾಡಿದ್ದು ಇದರಿಂದಲೇ. ಕೂಡಿದ ಕೈಗಳ ಕೆಳಗೆ ಒಂದು ಕೈ ನೆಲಕ್ಕೂರಿ ಮೈಯನ್ನು ನುಸುಳಿಸುವುದು. ಶಾಲೆಯಲ್ಲಿ ಇದನ್ನು ಇಬ್ಬರ ಸರಪಳಿಯ ಎದುರು, ಮೊದಲು ನಡಿಗೆಯ ವೇಗದಲ್ಲಿ ಕಲಿಸಬೇಕು. ಸರಪಳಿಯ ಮೇಲಿನಿಂದ ಹಾರುವುದನ್ನು ನಾನು ಈ ವಯಸ್ಸಿನವರಿಗೆ ಕಲಿಸುವುದಿಲ್ಲ. ಮೊಣಕಾಲು ಮುಖಕ್ಕೆ ಬಡಿಯುತ್ತದೆ, ಬೀಳುವವಳಿಗೂ ಲೆಕ್ಕವಿಲ್ಲ.

ಡುಬ್ಕಿ ಅಭ್ಯಾಸದಿಂದ ಹೆಚ್ಚು ಕಲಿತದ್ದು ಸರಪಳಿಯವರು. ಅವರ ಕೈ ಮೇಲಿದ್ದಾಗಲೆಲ್ಲ ರೈಡರ್ ಕೆಳಗೆ ನುಸುಳಿದಳು. ನಾನು ಏನೂ ಹೇಳದೆಯೇ ನಾಲ್ಕನೆಯ ದಿನ ಕೈಗಳು ತೊಡೆಯ ಮಟ್ಟಕ್ಕೆ ಇಳಿದವು, ಮಂಡಿಗಳು ಬಾಗಿದವು. ಅಂದಿನಿಂದ ದಾಳಿಯ ಅಭ್ಯಾಸ ಬೇರೆ, ಹಿಡಿತದ ಅಭ್ಯಾಸ ಬೇರೆ ಎಂದು ನಾವು ಮಾಡುವುದನ್ನೇ ಬಿಟ್ಟೆವು. ಹತ್ತು ದಾಳಿಗೊಮ್ಮೆ ರೈಡರ್ ಸರಪಳಿಗೆ, ಸರಪಳಿಯವಳು ದಾಳಿಗೆ.

ಆ ಹುಡುಗಿಗೆ ಅಂಟಿಕೊಂಡಿದ್ದ ಅಭ್ಯಾಸ ಒಂದೇ, ಮುಟ್ಟಿ ಅಂಪೈರ್ ಮುಖ ನೋಡುವುದು. ಅದಕ್ಕೆ ನಾನು ಮಾಡಿದ್ದು ಇಷ್ಟು. ಅಭ್ಯಾಸದಲ್ಲಿ ಅವಳು ಮುಟ್ಟಿದಾಗ ಅಂಕ ಕೂಗುವುದನ್ನು ನಿಲ್ಲಿಸಿ, ಮರಳಿ ಗೆರೆ ತಾಕಿದಾಗ ಮಾತ್ರ ಅಂಕ ಕೂಗಿದೆ. ಮೂರು ವಾರಕ್ಕೆ ಅವಳ ಕಣ್ಣು ಮಧ್ಯದ ಗೆರೆಯ ಕಡೆ ತಿರುಗುವುದನ್ನು ಕಲಿತಿತು. ಮುಂದಿನ ಪಂದ್ಯದಲ್ಲಿ ಅದೇ ಎಡ ಮೂಲೆ, ಅದೇ ಬಗೆಯ ಸರಪಳಿ. ಕೈ ತಾಕಿಸಿದವಳು ಎರಡು ಹೆಜ್ಜೆ ಹಿಂದೆ ಜಾರಿದಳು. ಬಲ ಕವರ್ ತಡವಾಗಿ ಹೊರಟಿದ್ದಳು, ಬಾಗಿಲು ಅರ್ಧ ತೆರೆದೇ ಇತ್ತು. ಇವಳು ಆ ಸಂದಿನಲ್ಲಿ ತಗ್ಗಿ ಕೈ ಚಾಚಿದಳು. ಮೂಲೆಯವಳು, ಎಡ ಕವರ್, ಇಬ್ಬರೂ ಔಟ್.

ನಿಮ್ಮೂರ ಶಾಲೆಯ ಪಂದ್ಯ ನೋಡಲು ಹೋದಾಗ ರೈಡರ್‌ನ ಕೈಯನ್ನು ಬಿಟ್ಟು ಹಿಂಗಾಲನ್ನು ಗಮನಿಸಿ. ಕೈ ಮುಂದೆ ಹೋದಾಗಲೂ ಆ ಕಾಲು ಮನೆಯ ಕಡೆಗೇ ಊರಿಕೊಂಡಿದ್ದರೆ, ಆ ಮಗುವಿಗೆ ಯಾರೋ ಸರಿಯಾಗಿ ಕಲಿಸಿದ್ದಾರೆ.