ಒಂದೂ ಕಾನೂನು ಮುರಿಯದೆ

ಪ್ರಜಾಪ್ರಭುತ್ವ ಕುಸಿಯಿತು ಎಂದರೆ ಬೀದಿಗಿಳಿದ ಟ್ಯಾಂಕು, ರೇಡಿಯೋ ಕೇಂದ್ರಕ್ಕೆ ನುಗ್ಗಿದ ಸೈನಿಕರು ನಮ್ಮ ಕಣ್ಣ ಮುಂದೆ ಬರುತ್ತಾರೆ. ಹಂಗೇರಿಯಲ್ಲಿ 2010ರ ನಂತರ ನಡೆದದ್ದಕ್ಕೆ ಅದಾವುದೂ ಬೇಕಾಗಲಿಲ್ಲ. ಅಲ್ಲಿ ಬೇಕಾದದ್ದು ಮೂರನೇ ಎರಡರಷ್ಟು ಸಂಸದರು ಮಾತ್ರ.

ಆ ವರ್ಷದ ಏಪ್ರಿಲ್‌ನಲ್ಲಿ ವಿಕ್ಟರ್ ಓರ್ಬಾನ್ ಅವರ ಫಿದೆಸ್ ಕೂಟ ಸುಮಾರು ಶೇಕಡಾ 53ರಷ್ಟು ಮತ ಪಡೆದು, 386 ಸ್ಥಾನಗಳಲ್ಲಿ 263ನ್ನು ಗೆದ್ದಿತು. ನಮ್ಮಲ್ಲಾದರೆ ಸಂವಿಧಾನ ತಿದ್ದುಪಡಿಗೆ ಲೋಕಸಭೆಯ ಜೊತೆ ರಾಜ್ಯಸಭೆಯೂ ಒಪ್ಪಬೇಕು, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳೂ ಒಪ್ಪಬೇಕು. ಹಂಗೇರಿಯಲ್ಲಿ ಇರುವುದು ಒಂದೇ ಸದನ. ಅಲ್ಲಿ ಮೂರನೇ ಎರಡರಷ್ಟು ಬಲ ಸಿಕ್ಕರೆ ಸಂವಿಧಾನವೇ ಕೈಗೆ ಸಿಕ್ಕಂತೆ. ಒಂದೇ ವರ್ಷದಲ್ಲಿ ಹೊಸ ಸಂವಿಧಾನ ಅಂಗೀಕಾರವಾಯಿತು. 2012ರ ಜನವರಿ 1ರಂದು ಜಾರಿಗೂ ಬಂತು.

ಸಾಂವಿಧಾನಿಕ ನ್ಯಾಯಾಲಯದ ನ್ಯಾಯಮೂರ್ತಿಗಳ ಸಂಖ್ಯೆಯನ್ನು 11ರಿಂದ 15ಕ್ಕೆ ಏರಿಸಿದರು. ಅವರ ಹೆಸರು ಸೂಚಿಸುವ ಸಮಿತಿಯಲ್ಲಿ ಮೊದಲು ಪ್ರತಿ ಪಕ್ಷಕ್ಕೂ ಸಮಾನ ಸ್ಥಾನವಿತ್ತು. ಅದನ್ನೂ ಸಂಸತ್ತಿನ ಬಲಕ್ಕೆ ತಕ್ಕಂತೆ ಬದಲಿಸಿದರು. ಉಳಿದ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದ್ದರಿಂದ ಹಿರಿಯರು ಒಟ್ಟಿಗೇ ಹೊರಬಿದ್ದರು. ಇದು ವಯಸ್ಸಿನ ತಾರತಮ್ಯ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರು ಬಿಟ್ಟುಹೋದ ಮುಖ್ಯಸ್ಥರ ಕುರ್ಚಿಗಳಲ್ಲಿ ಅನೇಕ ಕಡೆ ಬೇರೆಯವರು ಕೂತಾಗಿತ್ತು.

ಸುಪ್ರೀಂ ಕೋರ್ಟಿನ ಅಧ್ಯಕ್ಷ ಆಂದ್ರಾಶ್ ಬಾಕಾ ಅವರ ಕಥೆ ಇನ್ನೂ ಸ್ಪಷ್ಟ. ಅವರು ಈ ಬದಲಾವಣೆಗಳನ್ನು ಬಹಿರಂಗವಾಗಿ ಟೀಕಿಸಿದ್ದರು. ಅವರ ಅವಧಿ ಮುಗಿಯಲು ಇನ್ನೂ ಮೂರೂವರೆ ವರ್ಷ ಬಾಕಿಯಿತ್ತು. ಸರ್ಕಾರ ಅವರನ್ನು ವಜಾ ಮಾಡಲಿಲ್ಲ. ಕೋರ್ಟಿನ ಹೆಸರನ್ನೇ ‘ಕೂರಿಯಾ’ ಎಂದು ಬದಲಿಸಿತು. ಹೆಸರು ಹೊಸದಾದ ಮೇಲೆ ಅಧ್ಯಕ್ಷರೂ ಹೊಸಬರಾಗಬೇಕಲ್ಲ! ಅಧ್ಯಕ್ಷರಾಗುವವರು ಹಂಗೇರಿಯಲ್ಲೇ ಐದು ವರ್ಷ ನ್ಯಾಯಾಧೀಶರಾಗಿರಬೇಕು ಎಂಬ ಹೊಸ ಷರತ್ತೂ ಬಂತು. ಬಾಕಾ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 17 ವರ್ಷ ನ್ಯಾಯಮೂರ್ತಿಯಾಗಿದ್ದವರು. ಆ ಅನುಭವ ಲೆಕ್ಕಕ್ಕೇ ಬರಲಿಲ್ಲ. ಅದೇ ಸ್ಟ್ರಾಸ್‌ಬರ್ಗ್ ನ್ಯಾಯಾಲಯ 2016ರಲ್ಲಿ ಅವರ ಪರವಾಗಿ ತೀರ್ಪು ನೀಡಿತು, ಆದರೆ ಅವರಿಗೆ ಹುದ್ದೆ ಮರಳಿ ಸಿಗಲಿಲ್ಲ. ಎಲ್ಲರಿಗೂ ಅನ್ವಯಿಸುವಂತೆ ಬರೆದ ನಿಯಮವೊಂದು ಒಬ್ಬನೇ ಮನುಷ್ಯನ ಅಳತೆಗೆ ಹೊಲಿದಂತೆ ಕಂಡರೆ ಅನುಮಾನಿಸಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಚುನಾವಣಾ ನಿಯಮದ ಕೈಚಳಕ ಇದಕ್ಕಿಂತ ಸೂಕ್ಷ್ಮ. 2011ರ ಕಾನೂನು ಸ್ಥಾನಗಳನ್ನು 199ಕ್ಕೆ ಇಳಿಸಿತು: 106 ಕ್ಷೇತ್ರಗಳಿಂದ, 93 ಪಕ್ಷದ ಪಟ್ಟಿಗಳಿಂದ. ಎರಡು ಸುತ್ತಿನ ಮತದಾನ ಹೋಗಿ ಒಂದೇ ಸುತ್ತು ಉಳಿದದ್ದರಿಂದ, ಮೊದಲ ಸುತ್ತಿನ ನಂತರ ವಿರೋಧಿಗಳು ಒಂದಾಗುವ ದಾರಿ ಮುಚ್ಚಿತು. ಇನ್ನೊಂದು ಬದಲಾವಣೆಗೆ ಉದಾಹರಣೆ ಬೇಕು. ಒಂದು ಕ್ಷೇತ್ರದಲ್ಲಿ ಗೆದ್ದವನಿಗೆ 20,000 ಮತ, ಸೋತವನಿಗೆ 12,000 ಮತ ಬಂತೆನ್ನಿ. ಸೋತವನ ಮತ ವ್ಯರ್ಥವಾಗದಿರಲೆಂದು ಅದನ್ನು ಅವನ ಪಕ್ಷದ ಪಟ್ಟಿಗೆ ಸೇರಿಸುವ ಪದ್ಧತಿ ಮೊದಲೇ ಇತ್ತು. ಹೊಸ ಕಾನೂನು ಗೆದ್ದವನಿಗೂ ಪರಿಹಾರ ಕೊಟ್ಟಿತು: ಗೆಲ್ಲಲು 12,001 ಮತ ಸಾಕಿತ್ತು, ಹಾಗಾಗಿ ಮಿಕ್ಕ 7,999 ಅವನ ಪಕ್ಷದ ಪಟ್ಟಿಗೆ. ಕ್ಷೇತ್ರ ಗೆದ್ದ ಪಕ್ಷ ಅದೇ ಗೆಲುವಿನಿಂದ ಇನ್ನೊಮ್ಮೆ ಲಾಭ ಪಡೆಯಿತು. 2014ರಲ್ಲಿ ಫಿದೆಸ್‌ನ ಮತ ಸುಮಾರು ಶೇಕಡಾ 45ಕ್ಕೆ ಕುಸಿಯಿತು. ಆದರೂ ಅದಕ್ಕೆ ಸಿಕ್ಕ ಸ್ಥಾನ 133. ಮೂರನೇ ಎರಡಕ್ಕೆ ಬೇಕಾದದ್ದೂ ಸರಿಯಾಗಿ 133.

ಮಾಧ್ಯಮದ ವಿಷಯದಲ್ಲಿ ಪತ್ರಕರ್ತರನ್ನು ಸಾಲಾಗಿ ಜೈಲಿಗೆ ತಳ್ಳಲಿಲ್ಲ, ಮಾಲೀಕತ್ವ ಕೈಬದಲಾಯಿತು ಅಷ್ಟೆ. 2018ರ ಕೊನೆಗೆ ಸರ್ಕಾರದ ಪರವಾದ ಮಾಲೀಕರು ತಮ್ಮ ನಾನೂರಕ್ಕೂ ಹೆಚ್ಚು ಪತ್ರಿಕೆ, ಚಾನೆಲ್, ರೇಡಿಯೋ, ಜಾಲತಾಣಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನ ಕೊಟ್ಟರು. ಇದು ರಾಷ್ಟ್ರಕ್ಕೆ ಮಹತ್ವದ್ದು ಎಂದು ಸರ್ಕಾರ ಘೋಷಿಸಿದ್ದರಿಂದ ಏಕಸ್ವಾಮ್ಯದ ತನಿಖೆಯೇ ನಡೆಯಲಿಲ್ಲ.

ಇಂಥ ಟೀಕೆಗೆ ಸರ್ಕಾರದ ಕಡೆಯವರಲ್ಲಿ ಉತ್ತರ ಸಿದ್ಧವಿರುತ್ತಿತ್ತು: ಈ ನಿಯಮ ಇನ್ನಾವುದೋ ಪ್ರಜಾಪ್ರಭುತ್ವದಲ್ಲೂ ಇದೆಯಲ್ಲ? ಬಿಡಿಬಿಡಿಯಾಗಿ ನೋಡಿದರೆ ಆ ಮಾತು ಬಹುಮಟ್ಟಿಗೆ ನಿಜ. ಒಂದೇ ಸುತ್ತಿನ ಮತದಾನ ನಮ್ಮಲ್ಲೂ ಇದೆ. ಆದರೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಿಮ್ ಲೇನ್ ಶೆಪ್ಪೆಲೆ ತೋರಿಸಿಕೊಟ್ಟಂತೆ, ಬೇರೆಬೇರೆ ಕಡೆಯ ಸಾಮಾನ್ಯ ಬಿಡಿಭಾಗಗಳನ್ನು ಜೋಡಿಸಿದಾಗಲೇ ಅಸಾಮಾನ್ಯ ಯಂತ್ರವೊಂದು ಹುಟ್ಟುತ್ತದೆ. ಕೋರ್ಟು ಪಳಗಿದ ಮೇಲೆ ಚುನಾವಣಾ ಕಾನೂನನ್ನು ರದ್ದು ಮಾಡುವವರಾರು?

ಈ ಯಂತ್ರಕ್ಕೂ ಮಿತಿಯಿತ್ತು. 2019ರಲ್ಲಿ ವಿರೋಧ ಪಕ್ಷಗಳು ಒಬ್ಬನೇ ಅಭ್ಯರ್ಥಿಯ ಹಿಂದೆ ನಿಂತಾಗ ರಾಜಧಾನಿ ಬುಡಾಪೆಸ್ಟಿನ ಮೇಯರ್ ಹುದ್ದೆ ಫಿದೆಸ್‌ನ ಕೈತಪ್ಪಿತು. ಆದರೆ ಇಡೀ ದೇಶದಲ್ಲಿ ಗೆದ್ದರೂ ಕೆಲಸ ಮುಗಿಯುವುದಿಲ್ಲ. ಮಾಧ್ಯಮ ಮಂಡಳಿಯ ಸದಸ್ಯರ ಅವಧಿಯನ್ನು ಒಂಬತ್ತು ವರ್ಷಕ್ಕೆ ನಿಗದಿ ಮಾಡಿದ್ದರು. ಚುನಾವಣಾ ಕಾನೂನಿನ ಮುಖ್ಯ ಭಾಗಗಳನ್ನು ತಿದ್ದಲೂ ಮೂರನೇ ಎರಡರಷ್ಟು ಬಲ ಬೇಕೆಂದು ಬರೆದಿಟ್ಟಿದ್ದರು. ಅಷ್ಟು ಸ್ಥಾನವಿಲ್ಲದೆ ಅಧಿಕಾರಕ್ಕೆ ಬರುವ ಯಾವ ಸರ್ಕಾರವೂ ಹಿಂದಿನವರ ನಿಯಮದಂತೆಯೇ ಮುಂದಿನ ಚುನಾವಣೆ ಎದುರಿಸಬೇಕಾಗುತ್ತದೆ.