ಮಾನಕ ವಿಚಲನೆ, ಮಾನಕ ದೋಷ: ಯಾವುದು ಮಕ್ಕಳದ್ದು, ಯಾವುದು ಸರಾಸರಿಯದ್ದು?

ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ನಾನು ಮೊದಲು ಹುಡುಕುವುದು ± ಚಿಹ್ನೆಯನ್ನು. ಅದರ ಮುಂದಿನ ಸಂಖ್ಯೆ ಮಾನಕ ವಿಚಲನೆಯೋ ಮಾನಕ ದೋಷವೋ ಎಂದು ತಿಳಿಸದಿದ್ದರೆ ತೀರ್ಮಾನವನ್ನು ಒಪ್ಪುವಂತಿಲ್ಲ.

ಒಂದು ಉದಾಹರಣೆ ನೋಡೋಣ. ತಾಲ್ಲೂಕಿನ ಎಂಟನೆಯ ತರಗತಿಯ ಎಲ್ಲ ಮಕ್ಕಳ ಪಟ್ಟಿಯಿಂದ ಚೀಟಿ ಎತ್ತಿ 36 ಮಕ್ಕಳನ್ನು ಆರಿಸಿ, 25 ಅಂಕಗಳ ಗಣಿತ ಪರೀಕ್ಷೆ ಕೊಟ್ಟಿದ್ದೇವೆ ಎನ್ನಿ. ಸರಾಸರಿ 15, ಮಾನಕ ವಿಚಲನೆ 6 ಬಂದಿದೆ. ಈ 6 ಹೇಳುವುದು ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು. 144 ಮಕ್ಕಳನ್ನು ಪರೀಕ್ಷಿಸಿದರೂ ಅದು ಹೆಚ್ಚುಕಡಿಮೆ 6ರಲ್ಲೇ ಇರುತ್ತದೆ. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮಕ್ಕಳ ನಡುವಿನ ಅಂತರ ಕಡಿಮೆಯಾಗದು.

ಮಾನಕ ದೋಷದ ಪ್ರಶ್ನೆ ಬೇರೆ. ಇನ್ನೊಮ್ಮೆ 36 ಚೀಟಿ ಎತ್ತಿದ್ದರೆ ಸರಾಸರಿ 15ರ ಬದಲು ಇನ್ನೇನೋ ಬರುತ್ತಿತ್ತು. ಹೀಗೆ ಮತ್ತೆ ಮತ್ತೆ ಎತ್ತಿದಾಗ ಸಿಗುವ ಸರಾಸರಿಗಳ ಚದುರುವಿಕೆಯೇ ಮಾನಕ ದೋಷ: 6 ÷ √36 = 1. ಮಕ್ಕಳು 144 ಆದರೆ 6 ÷ √144 = 0.5. ಅದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಕ್ಕಳು ಬೇಕು.

ಸಾಮಾನ್ಯ ವಿತರಣೆಯಲ್ಲಿ ಮಧ್ಯದಿಂದ ಎರಡೂ ಬದಿಗೆ 1.96 ಮಾನಕ ವಿಚಲನೆಗಳೊಳಗೆ ಶೇ. 95 ಭಾಗ ಸೇರುತ್ತದೆ. ಸರಾಸರಿಗಳ ವಿತರಣೆಗೆ ಮಾನಕ ದೋಷವೇ ಆ ಅಳತೆ. ಆದ್ದರಿಂದ ಶೇ. 95ರ ವಿಶ್ವಾಸಾಂತರ 15 ± 1.96, ಸುಮಾರು 13ರಿಂದ 17. ಇದನ್ನು ‘ಶೇ. 95 ಮಕ್ಕಳು 13ರಿಂದ 17 ಅಂಕ ಪಡೆದಿದ್ದಾರೆ’ ಎಂದು ಓದುವುದು ತಪ್ಪು. ಇದೇ ರೀತಿ ನೂರು ಸಲ ಮಾದರಿ ಆರಿಸಿ ಅಂತರ ಕಟ್ಟಿದರೆ, ಸುಮಾರು 95 ಅಂತರಗಳಲ್ಲಿ ತಾಲ್ಲೂಕಿನ ನಿಜವಾದ ಸರಾಸರಿ ಸಿಕ್ಕಿರುತ್ತದೆ ಎಂದಷ್ಟೇ ಅರ್ಥ.

ಮಕ್ಕಳ ಅಂಕಗಳಿಗೇ 1.96 × 6 ಹಾಕಿದರೆ? ಮೇಲಿನ ತುದಿ ಸುಮಾರು 27 ಬರುತ್ತದೆ. 25 ಅಂಕಗಳ ಪರೀಕ್ಷೆಯಲ್ಲಿ 27 ಅಸಾಧ್ಯ! ಅಂದರೆ ಈ ಅಂಕಗಳು ಸಾಮಾನ್ಯ ವಿತರಣೆಯಲ್ಲಿಲ್ಲ. ಹಾಗಿದ್ದರೆ ವಿಶ್ವಾಸಾಂತರವೂ ಬಿದ್ದುಹೋಯಿತೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳಬೇಕು. ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಸರಾಸರಿಗಳ ವಿತರಣೆ ಮಾತ್ರ.

ತರಗತಿಯಲ್ಲಿ ಇದನ್ನು ದಾಳದಿಂದ ತೋರಿಸಬಹುದು. ಒಂದು ದಾಳದಲ್ಲಿ 1ರಿಂದ 6ರವರೆಗೆ ಎಲ್ಲಕ್ಕೂ ಸಮಾನ ಅವಕಾಶ, ಗಂಟೆಯಾಕಾರವಿಲ್ಲ. ನಾಲ್ಕು ಸಲ ಎಸೆದು ಸರಾಸರಿ ತೆಗೆಯಿರಿ. ಸರಾಸರಿ 1 ಬರಲು ನಾಲ್ಕೂ ಸಲ ಒಂದೇ ಬೀಳಬೇಕು. 1296 ವಿಧಗಳಲ್ಲಿ ಅದು ಒಂದೇ ವಿಧ. 3.5 ಬರಲು 146 ವಿಧಗಳಿವೆ. ಪ್ರತಿಯೊಬ್ಬರೂ ತಮ್ಮ ಸರಾಸರಿಯನ್ನು ಕಪ್ಪು ಹಲಗೆಯ ಮೇಲೆ ಚುಕ್ಕೆಯಾಗಿ ಗುರುತಿಸಿದರೆ ನಡುವೆ ಗುಡ್ಡೆ ಏಳುತ್ತದೆ.

ಆದರೆ ಈ ಲೆಕ್ಕವೆಲ್ಲ ಚೀಟಿ ಎತ್ತಿದ್ದರ ಮೇಲೆ ನಿಂತಿದೆ. ಅಭ್ಯಾಸ ಬೋಧನೆಗೆ ಸಿಕ್ಕ ಒಂದೇ ವಿಭಾಗದ 36 ಮಕ್ಕಳಾದರೆ, ಅದೇ 13ರಿಂದ 17 ತಾಲ್ಲೂಕಿನ ಬಗ್ಗೆ ಏನನ್ನೂ ಹೇಳದು. ಅಲ್ಲಿ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಕೊಟ್ಟು ನಿಲ್ಲಿಸುವುದೇ ಸರಿ.