ಇಂಟರ್ನ್‌ಶಿಪ್ ಕೆಲಸವಾಗಿ ಬದಲಾಗುವುದೇ? ಸೇರುವ ಮೊದಲೇ ಅಳೆಯುವ ಬಗೆ

ಜನವರಿ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಎಷ್ಟೋ ವಿದ್ಯಾರ್ಥಿಗಳು ಊರು ಬಿಟ್ಟು ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಿಗೆ ಬಂದು ಸೇರುತ್ತಾರೆ. ಐದಾರು ತಿಂಗಳ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅದೇ ಕಂಪನಿಯಲ್ಲಿ ಕಾಯಂ ಕೆಲಸದ ಪತ್ರ, ಅಂದರೆ ಪಿಪಿಒ, ಕೈಗೆ ಬರುತ್ತದೆ ಎಂಬ ನಂಬಿಕೆ ಅವರದು. ಕೆಲವರಿಗೆ ಅದು ಬರುತ್ತದೆ, ಹಲವರಿಗೆ ಬರುವುದಿಲ್ಲ. ಯಾರಿಗೆ ಬರಬಹುದು ಎಂಬುದನ್ನು ಸೇರುವ ಮೊದಲೇ ಬಹುಮಟ್ಟಿಗೆ ಅಂದಾಜು ಮಾಡಬಹುದು. ಅದಕ್ಕೆ ಅಡ್ಡ ಬರುವುದು ನಾಲ್ಕು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ಚೆನ್ನಾಗಿ ಕೆಲಸ ಮಾಡಿದರೆ ಉಳಿಸಿಕೊಂಡೇ ಉಳಿಸಿಕೊಳ್ಳುತ್ತಾರೆ.

ಸತ್ಯ: ಚೆನ್ನಾಗಿ ಕೆಲಸ ಮಾಡುವುದು ಅಗತ್ಯ, ಆದರೆ ಅದಷ್ಟೇ ಸಾಲದು. ತಂಡದಲ್ಲಿ ಖಾಲಿ ಹುದ್ದೆ ಇರಬೇಕು, ಅದಕ್ಕೆ ಹಣಕಾಸು ವಿಭಾಗದ ಒಪ್ಪಿಗೆಯೂ ಸಿಕ್ಕಿರಬೇಕು. ಕಂಪನಿಗಳಲ್ಲಿ ಇದನ್ನು ಹೆಡ್‌ಕೌಂಟ್ ಎನ್ನುತ್ತಾರೆ. ಇಂಟರ್ನ್‌ಗಳ ಸ್ಟೈಪೆಂಡ್ ಸಾಮಾನ್ಯವಾಗಿ ಬೇರೆ ಬಾಬ್ತಿನಿಂದ ಬರುತ್ತದೆ. ಹಾಗಾಗಿ ಒಂದೂ ಹುದ್ದೆ ಇಲ್ಲದ ತಂಡ ಕೂಡ ಐದು ಇಂಟರ್ನ್‌ಗಳನ್ನು ಕರೆಸಿಕೊಳ್ಳಬಹುದು. ಅಂಥ ತಂಡದ ಮ್ಯಾನೇಜರ್ ನಿಮ್ಮನ್ನು ಎಷ್ಟೇ ಮೆಚ್ಚಿದರೂ ಆಫರ್ ಕೊಡುವ ಅಧಿಕಾರ ಅವರ ಕೈಯಲ್ಲಿ ಇರುವುದಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ‘ಪಿಪಿಒ ಕೊಡುತ್ತೀರಾ’ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ‘ಕೆಲಸ ನೋಡಿ ಕೊಡುತ್ತೇವೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬದಲಿಗೆ ಹೀಗೆ ಕೇಳಿ: ‘ಸರ್, ಈ ತಂಡದಲ್ಲಿ ಈ ವರ್ಷ ಫ್ರೆಶರ್‌ಗಳಿಗೆ ಎಷ್ಟು ಹುದ್ದೆಗೆ ಒಪ್ಪಿಗೆ ಸಿಕ್ಕಿದೆ? ಆ ಹುದ್ದೆಗಳಿಗೆ ಎಷ್ಟು ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಿದ್ದೀರಿ?’ ಹುದ್ದೆ ಇರುವವರು ಸಂಖ್ಯೆ ಹೇಳುತ್ತಾರೆ, ಇಲ್ಲದಿದ್ದರೆ ಮಾತು ಬೇರೆ ಕಡೆಗೆ ಹೊರಳುತ್ತದೆ.

ತಪ್ಪು ಕಲ್ಪನೆ 2: ಪತ್ರದಲ್ಲಿ ಕಾಯಂ ಕೆಲಸದ ಪ್ರಸ್ತಾಪವಿದೆ, ಅಂದರೆ ಭರವಸೆ ಕೊಟ್ಟ ಹಾಗೆ.

ಸತ್ಯ: ಇಂಟರ್ನ್‌ಶಿಪ್ ಪತ್ರಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಇಂಟರ್ನ್‌ಶಿಪ್ ಜೊತೆಗೇ ಕೆಲಸದ ಆಫರ್ ಇರುತ್ತದೆ. ಹುದ್ದೆಯ ಹೆಸರು, ವಾರ್ಷಿಕ ಸಂಬಳ, ಸೇರುವ ಅಂದಾಜು ತಿಂಗಳು ಎಲ್ಲವನ್ನೂ ಅದರಲ್ಲಿ ಬರೆದಿರುತ್ತಾರೆ. ಇನ್ನೊಂದರಲ್ಲಿ ‘ಕಾರ್ಯಕ್ಷಮತೆ ಮತ್ತು ಕಂಪನಿಯ ಅಗತ್ಯವನ್ನು ಅವಲಂಬಿಸಿ ಪರಿಗಣಿಸಲಾಗುವುದು’ ಎಂಬ ಅರ್ಥದ ಒಂದು ಸಾಲಷ್ಟೇ ಇರುತ್ತದೆ. ಇಲ್ಲಿ ‘ಕಾರ್ಯಕ್ಷಮತೆ’ ನಿಮ್ಮ ಕೈಯಲ್ಲಿದೆ, ‘ಕಂಪನಿಯ ಅಗತ್ಯ’ ನಿಮ್ಮ ಕೈಯಲ್ಲಿಲ್ಲ. ಸಂಬಳದ ಅಂಕಿ ಇಲ್ಲದ ಪತ್ರವನ್ನು ತರಬೇತಿಯ ಪತ್ರವೆಂದೇ ಓದಿಕೊಳ್ಳಿ.

ಕಾನೂನಿನ ಆಸರೆಯೂ ಕಡಿಮೆಯೇ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ತರಬೇತಿ ಪಡೆದವರಿಗೂ ಒಪ್ಪಂದದಲ್ಲಿ ಹಾಗೆಂದು ಬರೆದಿಲ್ಲದಿದ್ದರೆ ಕಂಪನಿ ಕೆಲಸ ಕೊಡಲೇಬೇಕೆಂದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೊಡ್ಡ ಕಂಪನಿಗಳಲ್ಲಿ ಕೆಲಸದ ಅನುಭವ ಕೊಡುತ್ತದೆ, ಆದರೆ ಅದೂ ಕೆಲಸದ ಖಾತರಿಯಲ್ಲ. ಇನ್ನು, ನಿಮ್ಮಿಂದಲೇ ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ‘ಇಂಟರ್ನ್‌ಶಿಪ್’ ಎಂದರೆ ಅದೊಂದು ಕೋರ್ಸ್. ಅಲ್ಲಿ ಹುದ್ದೆಯ ಮಾತೇ ಏಳುವುದಿಲ್ಲ.

ತಪ್ಪು ಕಲ್ಪನೆ 3: ಸ್ಟೈಪೆಂಡ್ ಹೆಚ್ಚು, ಕಳೆದ ವರ್ಷ ತುಂಬಾ ಜನರನ್ನು ತೆಗೆದುಕೊಂಡಿದ್ದಾರೆ, ಹಾಗಾಗಿ ಅವಕಾಶವೂ ಹೆಚ್ಚು.

ಸತ್ಯ: ‘ಎಷ್ಟು ಜನರನ್ನು ತೆಗೆದುಕೊಂಡರು’ ಎಂಬುದು ಅರ್ಧ ಲೆಕ್ಕ. ‘ಎಷ್ಟು ಜನರಲ್ಲಿ’ ಎಂಬುದು ಉಳಿದ ಅರ್ಧ. ಒಬ್ಬ ವಿದ್ಯಾರ್ಥಿನಿಯ ಮುಂದೆ ಎರಡು ಆಫರ್‌ಗಳಿವೆ ಎಂದುಕೊಳ್ಳೋಣ.

ಮೊದಲ ಕಂಪನಿ ದೊಡ್ಡದು. ತಿಂಗಳಿಗೆ 30,000 ರೂಪಾಯಿ ಕೊಡುತ್ತದೆ. ‘ಕಳೆದ ವರ್ಷ 20 ಇಂಟರ್ನ್‌ಗಳಿಗೆ ಕೆಲಸ ಕೊಟ್ಟೆವು’ ಎನ್ನುತ್ತದೆ. ಆಕೆ ಸೀನಿಯರ್‌ಗಳನ್ನು ವಿಚಾರಿಸಿದಾಗ ಇಂಟರ್ನ್‌ಗಳು ಒಟ್ಟು 100 ಮಂದಿ ಇದ್ದರೆಂದು ತಿಳಿಯುತ್ತದೆ. ಆ 20ರಲ್ಲಿ 12 ಮಂದಿಗೆ ಕ್ಯಾಂಪಸ್‌ನಲ್ಲೇ ಕೆಲಸದ ಆಫರ್ ಸಿಕ್ಕಿತ್ತು, ಅವರಿಗೆ ಇಂಟರ್ನ್‌ಶಿಪ್ ಕೇವಲ ಮುನ್ನುಡಿಯಾಗಿತ್ತು. ಅವರನ್ನು ಎರಡೂ ಕಡೆಯಿಂದ ಕಳೆದರೆ, ಆಕೆಯಂತೆ ಆಫರ್ ಇಲ್ಲದೆ ಬಂದ 88 ಜನರಲ್ಲಿ ಉಳಿದುಕೊಂಡವರು 8, ಅಂದರೆ 11ಕ್ಕೆ ಒಬ್ಬರು.

ಎರಡನೆಯದು ಚಿಕ್ಕ ಕಂಪನಿ. ಸ್ಟೈಪೆಂಡ್ 15,000. ಕಳೆದ ವರ್ಷ 6 ಇಂಟರ್ನ್‌ಗಳಲ್ಲಿ 4 ಮಂದಿಗೆ, ಅದರ ಹಿಂದಿನ ವರ್ಷ 5ರಲ್ಲಿ 2 ಮಂದಿಗೆ ಕೆಲಸ ಸಿಕ್ಕಿದೆ. ಸಂಖ್ಯೆ ಚಿಕ್ಕದಾಗಿದ್ದಾಗ ಒಂದೇ ವರ್ಷವನ್ನು ನಂಬಬಾರದು, ಎರಡನ್ನೂ ಸೇರಿಸಿದರೆ 11ರಲ್ಲಿ 6. ಆದರೆ ಈ ವರ್ಷ ಅವರು 10 ಇಂಟರ್ನ್‌ಗಳನ್ನು ಕರೆಯುತ್ತಿದ್ದಾರೆ, ಒಪ್ಪಿಗೆಯಾದ ಹುದ್ದೆಗಳು 3. ಹಳೆಯ ದಾಖಲೆ ಏನೇ ಇರಲಿ, ಈ ವರ್ಷದ ಮಿತಿ 10ಕ್ಕೆ 3. ಹಾಗಿದ್ದೂ ಅದು ಮೊದಲ ಕಂಪನಿಯ ಮೂರು ಪಟ್ಟಿಗಿಂತ ಹೆಚ್ಚು. ತಿಂಗಳ 15,000 ರೂಪಾಯಿ ವ್ಯತ್ಯಾಸವನ್ನು ಇದರ ಎದುರಿಗಿಟ್ಟು ಆಕೆ ತೀರ್ಮಾನಿಸಬೇಕು.

ಇಂಥ ಸಂಖ್ಯೆಗಳು ಸೀನಿಯರ್‌ಗಳಿಂದ ಸಿಗದಿದ್ದರೆ ಲಿಂಕ್ಡ್‌ಇನ್ ನೋಡಿ. ಆ ಕಂಪನಿಯಲ್ಲಿ ಕಳೆದೆರಡು ವರ್ಷ ಇಂಟರ್ನ್ ಆಗಿದ್ದವರನ್ನು ಹುಡುಕಿ, ಅವರ ಮುಂದಿನ ಕೆಲಸ ಅದೇ ಕಂಪನಿಯದೇ ಎಂದು ಎಣಿಸಿ. ಕೆಲಸ ಸಿಗದವರಲ್ಲಿ ಕೆಲವರು ಆ ಇಂಟರ್ನ್‌ಶಿಪ್ ಅನ್ನೇ ನಮೂದಿಸಿರುವುದಿಲ್ಲ. ಹಾಗಾಗಿ ನಿಮಗೆ ಕಾಣುವ ಪ್ರಮಾಣ ನಿಜಕ್ಕಿಂತ ತುಸು ಹೆಚ್ಚೇ ಇರುತ್ತದೆ ಎಂಬುದು ನೆನಪಿರಲಿ.

ತಪ್ಪು ಕಲ್ಪನೆ 4: ಕೊನೆಯವರೆಗೆ ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಸತ್ಯ: ಕಳೆದುಕೊಳ್ಳುವುದು ಬಹಳಷ್ಟಿದೆ. ಅನೇಕ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ಗಳಲ್ಲಿ ‘ಒಬ್ಬರಿಗೆ ಒಂದೇ ಆಫರ್’ ಎಂಬ ನಿಯಮವಿದೆ. ಪಿಪಿಒ ಸಾಧ್ಯತೆ ಇರುವ ಇಂಟರ್ನ್‌ಶಿಪ್ ಅನ್ನೂ ಕೆಲವು ಕಾಲೇಜುಗಳು ಆಫರ್ ಎಂದೇ ಲೆಕ್ಕ ಹಿಡಿಯುತ್ತವೆ. ಅದನ್ನು ಒಪ್ಪಿಕೊಂಡವರು ಮುಂದೆ ಬರುವ ಕಂಪನಿಗಳ ಪರೀಕ್ಷೆಗೆ ಕೂರುವಂತಿಲ್ಲ. ಜೂನ್‌ನಲ್ಲಿ ‘ಈ ಸಲ ಹುದ್ದೆ ಇಲ್ಲ’ ಎಂಬ ಉತ್ತರ ಬಂದಾಗ ಕ್ಯಾಂಪಸ್ ನೇಮಕಾತಿ ಮುಗಿದೇ ಹೋಗಿರುತ್ತದೆ. ಸಹಿ ಹಾಕುವ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕಂಡು, ಪಿಪಿಒ ಬಾರದಿದ್ದರೆ ಮತ್ತೆ ಅವಕಾಶ ಉಂಟೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ಸೇರಿದ ಮೇಲೂ ಸೂಚನೆಗಳು ಬೇಗನೆ ಕಾಣಿಸುತ್ತವೆ. ಮೊದಲ ಒಂದೂವರೆ ತಿಂಗಳಲ್ಲಿ ತಂಡದ ನಿಜವಾದ ಕೋಡ್‌ಗೆ ಪ್ರವೇಶ ಕೊಟ್ಟು, ನೀವು ಬರೆದುದನ್ನು ಹಿರಿಯರೊಬ್ಬರು ಸಾಲುಸಾಲಾಗಿ ಪರಿಶೀಲಿಸುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ನಿಮ್ಮ ಕೆಲಸ ತಂಡದ ಟಾಸ್ಕ್ ಪಟ್ಟಿಯಲ್ಲಿದ್ದರೆ, ಮಧ್ಯಂತರ ಮೌಲ್ಯಮಾಪನದ ದಿನಾಂಕ ಗೊತ್ತಾಗಿದ್ದರೆ ಇನ್ನೂ ಒಳ್ಳೆಯದು. ಯಾರೂ ಬಳಸದ ಡೆಮೊ ಪ್ರಾಜೆಕ್ಟ್, ಪಿಪಿಟಿ, ಡೇಟಾ ಎಂಟ್ರಿಯಲ್ಲೇ ತಿಂಗಳುಗಳು ಉರುಳಿದರೆ ನಿಮ್ಮನ್ನು ಮುಂದಿನ ಯೋಜನೆಯಲ್ಲಿ ಸೇರಿಸಿಕೊಂಡಿಲ್ಲ ಎಂದೇ ತಿಳಿಯಿರಿ.

ಕೇಳುವ ಸಮಯವೂ ಮುಖ್ಯ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಅನುಸರಿಸುವ ಕಂಪನಿಗಳಲ್ಲಿ ಹೊಸ ವರ್ಷದ ಹುದ್ದೆಗಳ ಲೆಕ್ಕ ಏಪ್ರಿಲ್‌ಗೆ ಮುಂಚೆ ನಡೆಯುತ್ತದೆ. ಜನವರಿಯಲ್ಲಿ ಸೇರಿದವರು ಮಾರ್ಚ್ ಒಳಗೆ ಮ್ಯಾನೇಜರ್ ಜೊತೆ ಮಾತಾಡಬೇಕು. ಜನವರಿಯಿಂದ ಡಿಸೆಂಬರ್ ಲೆಕ್ಕದ ವಿದೇಶಿ ಕಂಪನಿಗಳಲ್ಲಿ ನೀವು ಸೇರುವ ಹೊತ್ತಿಗೇ ಆ ತೀರ್ಮಾನ ಬಹುತೇಕ ಆಗಿರುತ್ತದೆ. ಅಲ್ಲಿ ಮೊದಲ ವಾರವೇ ಕೇಳಬಹುದು.

ಹುದ್ದೆ ಎಷ್ಟು, ಇಂಟರ್ನ್‌ಗಳು ಎಷ್ಟು, ಉತ್ತರ ಯಾವ ತಿಂಗಳಲ್ಲಿ ಸಿಗುತ್ತದೆ? ಈ ಮೂರಕ್ಕೂ ಉತ್ತರ ಸಿಗದ ಕಡೆ ಕಲಿಯಲು ಹೋಗಿ, ಮನಸ್ಸಿಟ್ಟು ಕಲಿಯಿರಿ. ಆದರೆ ಅಲ್ಲಿಯೇ ಕೆಲಸ ಸಿಗುತ್ತದೆಂದು ನಂಬಿ ಬೇರೆ ಕಂಪನಿಗಳಿಗೆ ಅರ್ಜಿ ಹಾಕುವುದನ್ನು ಒಂದು ವಾರವೂ ನಿಲ್ಲಿಸಬೇಡಿ.